ಹೊಸದು ಬೇಡ ಅಂದೆ, ಅಪ್ಪನ ಹಳೇ ಲ್ಯಾಪ್‌ಟಾಪನ್ನೇ ಬಿಚ್ಚಿದೆ

ಕಾರಟಗಿ ಕಿರಾಣಿ

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಿದ್ದಾಗ ಓದಿ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ.

ನಮ್ಮದು ಕಾರಟಗಿಯಲ್ಲಿ ಕಿರಾಣಿ ಅಂಗಡಿ. ಅಪ್ಪ 2017ರಲ್ಲಿ ಒಂದು ಲ್ಯಾಪ್‌ಟಾಪ್ ತಂದಿದ್ದರು. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬಿಲ್ಲು, ಉದ್ದರಿ ಲೆಕ್ಕ, ಅಕ್ಕನ ಮದುವೆ ಫೋಟೋ, ಎಲ್ಲಾ ಅದರಲ್ಲೇ. ಹೋದ ವರ್ಷದಿಂದ ಅದು ಎಷ್ಟು ನಿಧಾನ ಆಯಿತೆಂದರೆ, ಅಪ್ಪ ಬೆಳಿಗ್ಗೆ ಶಟರ್ ಎತ್ತಿ ಮೊದಲು ಅದನ್ನು ಆನ್ ಮಾಡಿ, ಆಮೇಲೆ ಕಸ ಹೊಡೆದು, ನೀರು ಹಾಕಿ, ದೇವರಿಗೆ ಊದುಬತ್ತಿ ಹಚ್ಚಿ ಬರುತ್ತಿದ್ದರು. ಆಗಲೂ ಸ್ಕ್ರೀನ್ ಮೇಲೆ ಉಂಗುರ ತಿರುಗುತ್ತಲೇ ಇರುತ್ತಿತ್ತು. ಒಂದು ದಿನ ಮೊಬೈಲಿನಲ್ಲಿ ಟೈಮ್ ಹಿಡಿದೆ. ಬಿಲ್ಲಿನ ಸಾಫ್ಟ್‌ವೇರ್ ತೆರೆಯುವ ಹೊತ್ತಿಗೆ 7 ನಿಮಿಷ 40 ಸೆಕೆಂಡ್.

ಗಂಗಾವತಿಯ ಒಂದು ಅಂಗಡಿಯಲ್ಲಿ ತೋರಿಸಿದೆವು. ಅವರು ಮುಚ್ಚಳ ಕೂಡ ತೆಗೆಯಲಿಲ್ಲ. "ಇದು ಮುಗೀತ್ರೀ, ಹೊಸಾದು ತಗೊಳ್ರಿ" ಅಂತ 38,000ದ ಒಂದನ್ನು ಮುಂದಿಟ್ಟರು. ಅಪ್ಪ ಹೂಂ ಅನ್ನುವುದರಲ್ಲಿದ್ದರು. ನಾನೇ ಎಂಟು ದಿನ ಟೈಮ್ ಕೇಳಿದೆ. "ಎಂಟು ದಿನ ಆದಮ್ಯಾಲ ಹನ್ನೊಂದನೇ ತಾರೀಖು ಬರ್ತದ, ಜಿಎಸ್‌ಟಿ ನೀನು ತುಂಬ್ತಿಯೇನಲೇ?" ಅಂದರು. ಆದರೂ ಕೊಟ್ಟರು.

ಮೊದಲು ಸಿಂಧನೂರಿನ ಗೆಳೆಯನ ಮಾತು ಕೇಳಿ 1,200 ಕೊಟ್ಟು ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ ಹಾಕಿದೆ. `Ctrl+Shift+Esc` ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿದರೆ ಮೆಮೊರಿ 88%ನಿಂದ 51%ಗೆ ಇಳಿದಿತ್ತು. ಆದರೆ ಡಿಸ್ಕ್ ಮಾತ್ರ ಹಾಗೇ 100%, ಕೆಂಪು. ಆನ್ ಆಗಲು ಈಗಲೂ 7 ನಿಮಿಷ. ಆಗ ಡಿಸ್ಕಿನ ಪುಟ ತೆರೆದೆ. ಓದುವ ವೇಗ ಸೆಕೆಂಡಿಗೆ 0.6 ಎಂಬಿ. ಅದರ ಕೆಳಗೆ `Average response time` 4,200 ಎಂಎಸ್. ಅಂದರೆ ಒಂದು ಸಲ ಕೇಳಿದ್ದಕ್ಕೆ ಉತ್ತರ ಬರಲು ನಾಲ್ಕು ಸೆಕೆಂಡ್.

ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದೆ. `disk` ಹೆಸರಿನಲ್ಲಿ ಸಾಲು ಸಾಲಾಗಿ 153 ಮತ್ತು 7 ನಂಬರಿನ ದೂರುಗಳು. 7ರಲ್ಲಿ ನೇರವಾಗಿ `has a bad block` ಅಂತಲೇ ಇತ್ತು. ಆಮೇಲೆ CrystalDiskInfo ಹಾಕಿದೆ. ಹಳದಿ ಬಣ್ಣದಲ್ಲಿ `Caution`.

```
05  Reallocated Sectors Count      0000000001A8
C5  Current Pending Sector Count   000000000038
C0  Power-off Retract Count        0000000005E6
```

ಇಷ್ಟು ನೋಡಿ ಕೈ ತಣ್ಣಗಾಯಿತು. ಕಂಪ್ಯೂಟರ್ ಮುದಿಯಾಗಿಲ್ಲ, ಡಿಸ್ಕ್ ಸಾಯುತ್ತಿದೆ. ಅದರಲ್ಲಿ ಎಂಟು ವರ್ಷದ ಉದ್ದರಿ ಲೆಕ್ಕ ಇದೆ.

ಸುಮ್ನೆ ಕಾಪಿ-ಪೇಸ್ಟ್ ಮಾಡಲು ಹೋದೆ. ಒಂದು ಫೈಲಿನ ಹತ್ತಿರ ನಿಂತಿದ್ದು ಹತ್ತು ನಿಮಿಷ ಅಲ್ಲಾಡಲಿಲ್ಲ. ನಿಲ್ಲಿಸಿ, ಹೊರಗಿನ ಡ್ರೈವ್ ಹಚ್ಚಿ ಹೀಗೆ ಮಾಡಿದೆ:

```
robocopy D:\Angadi E:\Angadi /E /R:1 /W:1 /LOG:E:\log.txt
```

ಅದರಲ್ಲಿ `/R:1 /W:1` ಮರೆಯಬೇಡಿ. ಅದಿಲ್ಲದಿದ್ದರೆ ಇದು ಓದಲಾಗದ ಒಂದೊಂದು ಫೈಲನ್ನು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಹಾಗೆ ಬಿಟ್ಟಿದ್ದರೆ ನನ್ನ ಮದುವೆಯೂ ಆಗಿ ಹೋಗುತ್ತಿತ್ತು. ಅಂಗಡಿ ಲೆಕ್ಕ ಪೂರ್ತಿ ಬಂತು. ಫೋಟೋ ಫೋಲ್ಡರನ್ನೂ ಹೀಗೇ ತೆಗೆದೆ. ಅದರ ಲಾಗಿನಲ್ಲಿ ಮೂರು ಫೈಲಿಗೆ `ERROR 23` ಇತ್ತು.

ಆಮೇಲೆ 2,800ಕ್ಕೆ 256 ಜಿಬಿ ಎಸ್‌ಎಸ್‌ಡಿ ತಂದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗಲ್ಲೆಯ ಮೇಲೇ ಬಿಚ್ಚಿದೆ. ಮೊಟ್ಟೆ ಟ್ರೇ ಇಟ್ಟುಕೊಂಡು, ಲ್ಯಾಪ್‌ಟಾಪಿನ ಯಾವ ಮೂಲೆಯ ಸ್ಕ್ರೂ ತೆಗೆದೆನೋ ಟ್ರೇಯ ಅದೇ ಮೂಲೆಯ ಗುಳಿಗೆ ಹಾಕುತ್ತಾ ಹೋದೆ. ಹನ್ನೊಂದು ಸ್ಕ್ರೂ ತೆಗೆದರೂ ಮುಚ್ಚಳ ಬಿಡಲಿಲ್ಲ. ಎಳೆಯುತ್ತಿದ್ದೆ, ಪ್ಲಾಸ್ಟಿಕ್ ಕಿರ್ ಅಂತಿತ್ತು. ಹಿಂದೆ ನಿಂತಿದ್ದ ಅಪ್ಪ "ತಡಿ" ಅಂದು ಕೆಳಗಿನ ರಬ್ಬರ್ ಪಾದ ಎಬ್ಬಿಸಿದರು. ಅದರ ಕೆಳಗೆ ಇನ್ನೊಂದು ಸ್ಕ್ರೂ. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಸುತ್ತಾ ಆಡಿಸಿದ ಮೇಲೆ ಟಕ್ ಟಕ್ ಅಂತ ಬಿಟ್ಟಿತು.

ಒಳಗೆ ಫ್ಯಾನಿನ ಬಾಯಲ್ಲಿ ಕಂಬಳಿ ತುಂಡಿನಂಥ ಧೂಳು. ನಮ್ಮ ಓಣಿಯ ಹಿಂದೆಯೇ ಅಕ್ಕಿ ಗಿರಣಿ. ಹೊಟ್ಟಿನ ಪುಡಿ ಎಲ್ಲಾ ಇಲ್ಲೇ ಬಂದು ಕೂತಿತ್ತು. ಬ್ಯಾಟರಿ ವೈರ್ ಮೊದಲೇ ಕಿತ್ತಿದ್ದೆ. ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ರಶ್‌ನಿಂದ ಬಿಡಿಸಿದೆ. ಹಳೇ ಡಿಸ್ಕಿನ ತಗಡಿನ ಚೌಕಟ್ಟು ಬಿಚ್ಚಿ, ಅದನ್ನೇ ಎಸ್‌ಎಸ್‌ಡಿಗೆ ಹಚ್ಚಿ ಕೂರಿಸಿದೆ. ಪೆನ್‌ಡ್ರೈವಿನಿಂದ ವಿಂಡೋಸ್ 10 ಹೊಸದಾಗಿ ಹಾಕಿದೆ.

ಈಗ 22 ಸೆಕೆಂಡ್. ಮರುದಿನ ಬೆಳಿಗ್ಗೆ ಅಪ್ಪ ಆನ್ ಮಾಡಿ ಕಸಬರಿಗೆ ತಗೊಳ್ಳುವಷ್ಟರಲ್ಲಿ ಅದು ರೆಡಿ. ಹಾಗೇ ಕಸಬರಿಗೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದರು.

ನನ್ನ ಪ್ರಶ್ನೆ: ಆ ಮೂರು ಫೈಲ್ ಅಕ್ಕನ ಮದುವೆ ಫೋಟೋಗಳು. ತೆಗೆಯಲು ದಾರಿ ಇದೆಯಾ? ಹಳೇ ಡಿಸ್ಕ್ ಇನ್ನೂ ಇದೆ.

---

ಸಿಂಧನೂರು ಸ್ಪೀಡ್

ಆ ಗೆಳೆಯ ನಾನೇ 😀 ರ‍್ಯಾಮ್ ದಂಡ ಅಂತ ಬರೀಬೇಡ ಮಾರಾಯ, 4 ಜಿಬಿಯಲ್ಲಿ ಈಗ ಏನೂ ನಡೆಯಲ್ಲ. ಆ ಫೋಟೋಗಳಿಗೆ ಒಂದೇ ಮದ್ದು. ಹಳೇ ಡಿಸ್ಕ್ ವಾಪಸ್ ಹಚ್ಚಿ `chkdsk /r` ಕೊಡು. ಬ್ಯಾಡ್ ಸೆಕ್ಟರ್ ರಿಪೇರಿ ಆಗುತ್ತೆ. ಆಮೇಲೆ ಒಂದು ಸಲ ಡಿಫ್ರಾಗ್ ಮಾಡು. ನಾನು ತಿಂಗಳಿಗೊಮ್ಮೆ ಮಾಡ್ತೀನಿ.

---

ಬಳ್ಳಾರಿ ಬೆಂಚು

ತಮ್ಮಾ, `chkdsk` ಕೊಡಬೇಡ. ಆ ಡಿಸ್ಕಿಗೆ ಸದ್ಯ ಕರೆಂಟ್ ಕೂಡ ಕೊಡಬೇಡ.

ನಾನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ಸಿಂಧನೂರಿನವರು ಹೇಳಿದ್ದರಲ್ಲಿ ರ‍್ಯಾಮ್ ಮಾತು ಸರಿ ಇದೆ. ಮೆಮೊರಿ ಸಾಲದಿದ್ದರೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ, ಸೋತ ಡಿಸ್ಕಿನ ಮೇಲೆ ಭಾರ ಇನ್ನೂ ಜಾಸ್ತಿ ಆಗುತ್ತದೆ. ಆ 1,200 ದಂಡ ಅಲ್ಲ. ಅದನ್ನು ಹಾಕಿದ್ದಕ್ಕೇ ನಿಜವಾದ ರೋಗ ಬೇರೆ ಅಂತ ಗೊತ್ತಾಗಿದ್ದು.

ಆದರೆ `chkdsk /r` ಡಿಸ್ಕನ್ನು ರಿಪೇರಿ ಮಾಡಲ್ಲ. ಇಡೀ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಿಸುತ್ತದೆ, ಕೆಟ್ಟ ಜಾಗಕ್ಕೆ "ಇಲ್ಲಿ ಇಡಬೇಡ" ಅಂತ ಗುರುತು ಹಾಕುತ್ತದೆ. ಉಸಿರು ಹಿಡಿದಿರೋ ಡಿಸ್ಕಿಗೆ ಆ ಓಟವೇ ಕೊನೆಯ ಓಟ ಆಗಬಹುದು. ಡಿಫ್ರಾಗ್ ಇನ್ನೂ ಕೆಟ್ಟದ್ದು. ಚೆನ್ನಾಗಿರೋ ಫೈಲನ್ನೂ ಎತ್ತಿ ಬೇರೆ ಕಡೆ ಬರೆಯುತ್ತದೆ.

ನಿನ್ನ ಅಂಕಿ ಬಗ್ಗೆ ಎರಡು ಮಾತು. ಅವು ಹೆಕ್ಸಾದಲ್ಲಿವೆ. 1A8 ಅಂದರೆ 424. ಇಷ್ಟು ಜಾಗ ಕೆಟ್ಟು, ಡಿಸ್ಕ್ ತಾನೇ ಬೇರೆ ಕಡೆಗೆ ಬದಲಿಸಿಕೊಂಡಿದೆ. ಅದರಿಂದ ನಿಧಾನ ಆಗಿಲ್ಲ. ನಿಧಾನ ಮಾಡಿದ್ದು C5. 38 ಅಂದರೆ 56. ಈ 56 ಜಾಗ ಡಿಸ್ಕಿಗೆ ಓದಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ನಿಮ್ಮದು ಕಿರಾಣಿ ಅಲ್ವಾ? ಖಾತೆ ಪುಸ್ತಕದ ಎರಡು ಹಾಳೆ ಬೆಲ್ಲಕ್ಕೆ ಅಂಟಿಕೊಂಡಿವೆ ಅನ್ಕೋ. ಗುಮಾಸ್ತ ಬೆರಳಿಗೆ ಉಗುಳು ಹಚ್ಚಿ ಮತ್ತೆ ಮತ್ತೆ ಬಿಡಿಸುತ್ತಾನೆ. ಅಲ್ಲಿಯವರೆಗೆ ಹಿಂದೆ ನಿಂತ ಗಿರಾಕಿಗಳೆಲ್ಲ ಕಾಯಬೇಕು. ಡಿಸ್ಕೂ ಹಾಗೇ ಒಂದೇ ಜಾಗವನ್ನು ಸೆಕೆಂಡುಗಟ್ಟಲೆ ಓದಲು ನೋಡುತ್ತದೆ. ವಿಂಡೋಸ್ ಕಾಯುತ್ತದೆ.

0.6 ಎಂಬಿ ನೋಡಿ ಹೆದರಿದೆ ಅಂದಿಯಲ್ಲ, ಅದೊಂದನ್ನೇ ನಂಬಬೇಡ. ಚೆನ್ನಾಗಿರೋ ಹಾರ್ಡ್ ಡಿಸ್ಕ್ ಕೂಡ ಸಣ್ಣ ಸಣ್ಣ ಫೈಲನ್ನು ಅಲ್ಲಲ್ಲಿ ಹುಡುಕಿ ಓದುವಾಗ ಅಷ್ಟಕ್ಕೇ ಇಳಿಯುತ್ತದೆ, 100% ಅಂತಲೂ ತೋರಿಸುತ್ತದೆ. ನೋಡಬೇಕಾದ್ದು ರೆಸ್ಪಾನ್ಸ್ ಟೈಮ್. ಕೆಲಸ ಜಾಸ್ತಿ ಇದ್ದಾಗ ನೂರು, ಇನ್ನೂರು ಎಂಎಸ್ ಬಂದರೆ ಪರವಾಗಿಲ್ಲ. ಸಾವಿರ ದಾಟಿ ಅಲ್ಲೇ ನಿಂತರೆ ಅನುಮಾನ ಪಡು. ಅದರ ಜೊತೆ 153, 7 ಬಂದವು ಅಂದರೆ ಇನ್ನು ಅನುಮಾನ ಇಲ್ಲ.

ಒಂದು ಕೇಳಲಾ? ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ಮೂರು ವರ್ಷ ಆಗಿದೆಯಾ?

---

ಕಾರಟಗಿ ಕಿರಾಣಿ

ಹೌದು ಸರ್! ಮೂರು ವರ್ಷ ಆಯಿತು. ವೈರ್ ಹಚ್ಚಿಯೇ ಓಡಿಸುತ್ತೇವೆ. ನಿಮಗೆ ಹೇಗೆ ಗೊತ್ತಾಯಿತು?

---

ಬಳ್ಳಾರಿ ಬೆಂಚು

C0 ನೋಡಿ. 5E6 ಅಂದರೆ 1,510. ಶಟ್‌ಡೌನ್ ಮಾಡಿದರೆ ಡಿಸ್ಕ್ ತನ್ನ ಹೆಡ್ಡನ್ನು ಸಮಾಧಾನವಾಗಿ ಪಕ್ಕಕ್ಕೆ ಇಡುತ್ತದೆ. ಕರೆಂಟ್ ದಿಢೀರ್ ಹೋದರೆ ಉಳಿದ ಶಕ್ತಿಯಲ್ಲಿ ರಪ್ಪಂತ ಎಳೆದುಕೊಳ್ಳಬೇಕು. ಆ ಎಳೆತದ ಲೆಕ್ಕ ಅದು. ಎಲ್ಲಾ ಕಂಪನಿಯವರೂ ಒಂದೇ ರೀತಿ ಎಣಿಸಲ್ಲ, ಆದರೆ ಅಂಗಡಿ ಮಷಿನ್‌ನಲ್ಲಿ ಸಾವಿರ ದಾಟಿದ್ದರೆ ನಾನು ಮೊದಲು ಬ್ಯಾಟರಿಯನ್ನೇ ಕೇಳುತ್ತೇನೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಜಾಗ ಅರ್ಧಂಬರ್ಧ ಉಳಿಯುತ್ತದೆ. ನಿನ್ನ 56ರಲ್ಲಿ ಕೆಲವು ಹಾಗೇ ಆಗಿರಬಹುದು.

ಎಸ್‌ಎಸ್‌ಡಿಯಲ್ಲಿ ಓಡಾಡೋ ಹೆಡ್ ಇಲ್ಲ, ಸರಿ. ಹಾಗಂತ ಕರೆಂಟ್ ದಿಢೀರ್ ಹೋಗೋದು ಅದಕ್ಕೂ ಒಳ್ಳೇದಲ್ಲ. ಹಾರ್ಡ್ ಡಿಸ್ಕ್ ಮೊದಲು ನರಳುತ್ತದೆ, ಆಮೇಲೆ ಸಾಯುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ನಿನ್ನೆ ಚೆನ್ನಾಗಿತ್ತು, ಇವತ್ತು ಕಾಣಿಸ್ತಾನೇ ಇಲ್ಲ ಅನ್ನೋ ಹಾಗೆ ಹೋಗುತ್ತದೆ. ಬ್ಯಾಟರಿ ಹಾಕಿಸು, ಇಲ್ಲಾ ಸಣ್ಣ ಯುಪಿಎಸ್ ಇಡು.

---

ಮಾನ್ವಿ ಟೀಚರ್

ನಮಸ್ತೆ. ನನ್ನ ಮಗಳ ಲ್ಯಾಪ್‌ಟಾಪ್ ಸಹ ತುಂಬಾ ನಿಧಾನ. ಯೂಟ್ಯೂಬ್ ನಿಂತು ನಿಂತು ಬರುತ್ತದೆ. ಮನೆಯ ನೆಟ್ ಬದಲಿಸಿದರೆ ಸರಿ ಹೋಗುತ್ತದೆಯೇ? ಯಾವ ಕಂಪನಿಯ ನೆಟ್ ಒಳ್ಳೆಯದು?

---

ಸಿಂಧನೂರು ಸ್ಪೀಡ್

ಮೇಡಂ, ಇಲ್ಲಿ ಮಾತು ನೆಟ್ ಬಗ್ಗೆ ಅಲ್ಲ, ಡಿಸ್ಕ್ ಬಗ್ಗೆ. ಎಸ್‌ಎಸ್‌ಡಿ ಹಾಕಿಸಿಬಿಡಿ, ರಾಕೆಟ್ ಆಗುತ್ತೆ.

---

ಮಾನ್ವಿ ಟೀಚರ್

ತಪ್ಪು ತಿಳಿದುಕೊಂಡೆ, ಕ್ಷಮಿಸಿ. ಆದರೂ ಹೇಳುತ್ತೇನೆ, ಅದು ಸಣ್ಣ ಲ್ಯಾಪ್‌ಟಾಪ್. 11 ಇಂಚಿನದು. ಫ್ಯಾನಿನ ಸದ್ದೇ ಇಲ್ಲ. ಒಟ್ಟು ಜಾಗ 32 ಜಿಬಿ ಅಂತ ತೋರಿಸುತ್ತದೆ, ಯಾವಾಗಲೂ ಭರ್ತಿ. ಅದಕ್ಕೂ ಎಸ್‌ಎಸ್‌ಡಿ ಹಾಕಬಹುದೇ?

---

ಬಳ್ಳಾರಿ ಬೆಂಚು

ಟೀಚರ್, 32 ಜಿಬಿ ಅಂದರೆ ಅದು ಬಹುತೇಕ ಇಎಂಎಂಸಿ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬಿಚ್ಚಿ ಬದಲಿಸುವ ವಸ್ತು ಅಲ್ಲ. ಅಂಥದ್ದರಲ್ಲಿ ರ‍್ಯಾಮ್ ಕೂಡ ಸಾಮಾನ್ಯವಾಗಿ ಬೆಸುಗೆಯೇ. ಕೆಲವಕ್ಕೆ ಒಳಗೆ ಒಂದು ಖಾಲಿ ಎಂ.2 ಜಾಗ ಇರುತ್ತದೆ. ಮಾಡೆಲ್ ನಂಬರ್ ಗೊತ್ತಾಗುವವರೆಗೆ ಯಾರು ಹೇಳಿದರೂ ದುಡ್ಡು ಕೊಡಬೇಡಿ. ಕಾರಟಗಿ ಹುಡುಗನ ದಾರಿ ನಿಮಗೆ ಹೊಂದುವುದು ಅನುಮಾನ.

---

ಕೊಪ್ಪಳ ಲೆಕ್ಕಿಗ

ಎಲ್ಲರೂ ಭೇಷ್ ಅನ್ನುತ್ತಿದ್ದೀರಿ. ನಾನೊಬ್ಬ ಕಹಿ ಮಾತು ಆಡುತ್ತೇನೆ. ನಾನು ಅಂಗಡಿಗಳ ಜಿಎಸ್‌ಟಿ ನೋಡಿಕೊಳ್ಳುವವನು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿದೆ. ಆರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಂದರೆ ಈ ಹುಡುಗ 4,000 ಹಾಕಿ, ಬಾಗಿಲಿಗೆ ಚಿಲಕ ಇಲ್ಲದ ಮನೆಗೆ ಸುಣ್ಣ ಬಳಿದಿದ್ದಾನೆ. ಅದರಲ್ಲೇ ಬ್ಯಾಂಕ್, ಅದರಲ್ಲೇ ಜಿಎಸ್‌ಟಿ. ನಾಳೆ ಏನಾದರೂ ಆದರೆ?

---

ಕಾರಟಗಿ ಕಿರಾಣಿ

ಸರ್, ಅದನ್ನೂ ಯೋಚನೆ ಮಾಡಿದ್ದೇನೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. 2026ರ ಅಕ್ಟೋಬರ್ 13ರವರೆಗೆ. `Windows Update` ಪುಟದಲ್ಲೇ `Enroll now` ಬಂತು, ಸೇರಿಸಿದ್ದೇನೆ. ಬ್ಯಾಂಕಿನದು ಅಪ್ಪನ ಮೊಬೈಲಿನಲ್ಲಿ.

---

ಕೊಪ್ಪಳ ಲೆಕ್ಕಿಗ

ಅಕ್ಟೋಬರ್ 13 ಆದ ಮೇಲೆ?

---

ಸಿಂಧನೂರು ಸ್ಪೀಡ್

11ನ್ನೇ ಹಾಕ್ಬಹುದು ಸರ್. ಚೆಕ್ ಬೈಪಾಸ್ ಮಾಡೋ ದಾರಿ ಇದೆ. ನಾನೇ ನಾಲ್ಕು ಮಷಿನ್‌ಗೆ ಹಾಕಿದ್ದೀನಿ, ಒಂದೂ ತಕರಾರಿಲ್ಲ.

---

ಬಳ್ಳಾರಿ ಬೆಂಚು

ಹಾಕಬಹುದು, ಓಡುತ್ತದೆ. ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಕಂಪನಿ ಮಾತು ಕೊಟ್ಟಿಲ್ಲ. ನನ್ನ ಮನೆ ಮಷಿನ್‌ಗೆ ಹಾಕಿಕೊಂಡಿದ್ದೇನೆ. ಗಿರಾಕಿಯ ಅಂಗಡಿಗೆ ಹಾಕಲ್ಲ. ಲೆಕ್ಕಿಗರ ಪ್ರಶ್ನೆಗೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಬಿಲ್ಲಿನ ಸಾಫ್ಟ್‌ವೇರ್ ವಿಂಡೋಸಿಗೇ ಅಂಟಿಕೊಂಡಿಲ್ಲದಿದ್ದರೆ ಲಿನಕ್ಸ್ ಮಿಂಟ್ ಹಾಕು ಅನ್ನುತ್ತಿದ್ದೆ.

---

ಕೊಪ್ಪಳ ಲೆಕ್ಕಿಗ

ಹಾಗಾದರೆ ಹೊಸದು ತಪ್ಪಿದ್ದಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ.

---

ಕಾರಟಗಿ ಕಿರಾಣಿ

ಮುಂದಕ್ಕೆ ಹೋದರೂ ಸಾಕು ಸರ್. ಈ ವರ್ಷ ಅಂಗಡಿಗೆ ಫ್ರಿಜ್ ಬೇಕಾಗಿದೆ.

---

ಲಿಂಗಸುಗೂರು ಡಿಟಿಪಿ

ಹೊಸದಾಗಿ ವಿಂಡೋಸ್ ಹಾಕಿದೆ ಅಂದಿರಿ. ಆಕ್ಟಿವೇಶನ್ ಹೇಗಾಯಿತು? ನಾನೂ ನಮ್ಮ ಅಂಗಡಿಯದ್ದಕ್ಕೆ ಎಸ್‌ಎಸ್‌ಡಿ ಹಾಕಿಸಿದೆ. ಕೀ ಕೇಳುತ್ತಿದೆ. ಹಾಕಿಕೊಟ್ಟವನು "ಎಸ್‌ಎಸ್‌ಡಿ ಬದಲಿಸಿದರೆ ಲೈಸೆನ್ಸ್ ಹೋಗುತ್ತೆ" ಅಂದ.

---

ಬಳ್ಳಾರಿ ಬೆಂಚು

ಡಿಸ್ಕ್ ಬದಲಿಸಿದ್ದಕ್ಕೆ ಲೈಸೆನ್ಸ್ ಹೋಗಲ್ಲ. ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ ಕೀ ಬೋರ್ಡಿನ ಬಯೋಸ್ ಒಳಗೇ ಇರುತ್ತದೆ. ಕೀ ಕೇಳಿದಾಗ `I don't have a product key` ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿದರೆ, ನೆಟ್ ಸಿಕ್ಕ ಕೂಡಲೇ ತಾನೇ ಆಗುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಟ್ಟು ನೋಡಿ:

```
wmic path softwarelicensingservice get OA3xOriginalProductKey
```

ಕೆಳಗೆ ಖಾಲಿ ಬಂದರೆ ನಿಮ್ಮದು ಡಾಸ್ ಲ್ಯಾಪ್‌ಟಾಪ್ ಇರಬೇಕು. ಎರಡು ಮೂರು ಸಾವಿರ ಕಡಿಮೆ ಅಂತ ಆಗ ಎಲ್ಲರೂ ಅದನ್ನೇ ತಗೊಂಡರು, ಅಂಗಡಿಯವರು ಪುಕ್ಕಟೆ ವಿಂಡೋಸ್ ಹಾಕಿಕೊಟ್ಟರು.

---

ಲಿಂಗಸುಗೂರು ಡಿಟಿಪಿ

ಖಾಲಿ ಬಂತು 😐

ಇರಲಿ. ಕಾರಟಗಿಯವರೇ, ನಿಮ್ಮ ಹಳೇ ಕನ್ನಡ ಫೈಲ್ ತೆರೆದು ನೋಡಿದಿರಾ? ನನ್ನ ಗಿರಾಕಿಗಳು ಪ್ರತಿ ಸಲ ಇಲ್ಲೇ ಎದೆ ಒಡೆದುಕೊಳ್ಳುತ್ತಾರೆ.

---

ಕಾರಟಗಿ ಕಿರಾಣಿ

ಅಯ್ಯೋ, ಅದನ್ನು ಹೇಳುವುದು ಮರೆತೆ. ಎರಡನೇ ದಿನ ಅಪ್ಪ ಉದ್ದರಿ ನೋಟೀಸಿನ ಫೈಲ್ ತೆರೆದರು. `PÀ£ÀßqÀ` ಈ ಥರ ಅಕ್ಷರ ಪುಟ ತುಂಬಾ. "ಎಂಟು ವರ್ಷದ್ದು ಎಲ್ಲಾ ಕೆಡಿಸಿ ಇಟ್ಟಿಯಲ್ಲೋ" ಅಂತ ಗಲ್ಲೆ ಮುಂದೆ ಗಿರಾಕಿ ಇದ್ದಾಗಲೇ ಬೈದರು. ನನಗೂ ಡಿಸ್ಕಿನ ರೋಗ ಫೈಲಿಗೆ ಬಡಿದಿದೆ ಅನ್ನಿಸಿತು. ಆಮೇಲೆ ನೋಡಿದರೆ ನುಡಿ ಫಾಂಟ್ ಹಾಕಿರಲಿಲ್ಲ, ಅಷ್ಟೇ. ನುಡಿ ಹಾಕಿದ ಕೂಡಲೇ ಎಲ್ಲಾ ಸರಿ ಬಂತು.

---

ಲಿಂಗಸುಗೂರು ಡಿಟಿಪಿ

ಅದೇ ಹೇಳಲಿದ್ದೆ. ಹಳೇ ಆಸ್ಕಿ ನುಡಿ ಫೈಲಿನಲ್ಲಿ ಕನ್ನಡ ಇರುವುದೇ ಫಾಂಟಿನಲ್ಲಿ. ಕೆಟ್ಟ ಫೈಲಾದರೆ ತೆರೆಯುವುದೇ ಇಲ್ಲ, ಇಲ್ಲಾ ಅರ್ಧಕ್ಕೆ ನಿಲ್ಲುತ್ತದೆ. ಪೂರ್ತಿ ಪುಟ ಒಂದೇ ಸಮ `À` `À` ಅಂತ ಬಂದರೆ ಹೆದರಬೇಡಿ.

---

ಬಳ್ಳಾರಿ ಬೆಂಚು

ಫೋಟೋ ಪ್ರಶ್ನೆ ಉಳಿದಿದೆ. ದಾರಿ ಇದೆ, ಖಾತ್ರಿ ಇಲ್ಲ. ಹಳೇ ಡಿಸ್ಕಿನಿಂದ ನೇರವಾಗಿ ಫೋಟೋ ಎಳೆಯಬೇಡ. ಮೊದಲು ಇಡೀ ಡಿಸ್ಕಿನ ನಕಲು ತೆಗೆ. 1 ಟಿಬಿಗಿಂತ ಜಾಸ್ತಿ ಖಾಲಿ ಇರುವ ಡ್ರೈವ್ ಯಾರ ಹತ್ತಿರವಾದರೂ ಕಡ ತಗೋ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ `ddrescue` ಹಾಕಿಕೋ. `lsblk` ಕೊಟ್ಟು ಹಳೇ ಡಿಸ್ಕ್ ಯಾವುದು ಅಂತ ಎರಡು ಸಲ ನೋಡು. ಇಲ್ಲಿ `sdb` ಅನ್ಕೊಂಡಿದ್ದೇನೆ. ಕಡ ತಂದ ಡ್ರೈವಿನ ಫೋಲ್ಡರಿನಲ್ಲಿ ನಿಂತು:

```
sudo ddrescue -d -n /dev/sdb disk.img disk.map
sudo ddrescue -d -r3 /dev/sdb disk.img disk.map
```

ಮೊದಲನೇ ಸಾಲು ಸಲೀಸಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗದಲ್ಲಿ ಹಟ ಮಾಡಲ್ಲ. ಎರಡನೇದು ಬಿಟ್ಟ ಜಾಗಕ್ಕೆ ಮಾತ್ರ ವಾಪಸ್ ಹೋಗಿ ಮೂರು ಸಲ ಕೇಳುತ್ತದೆ. ಎಲ್ಲಿವರೆಗೆ ಆಗಿದೆ ಅಂತ `disk.map` ನೆನಪಿಡುತ್ತದೆ, ಹಾಗಾಗಿ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆಮೇಲೆ ಹುಡುಕಾಟ ಏನಿದ್ದರೂ ಆ ನಕಲಿನಲ್ಲಿ. ಡಿಸ್ಕ್ ಟಕ್-ಟಕ್-ಟಕ್ ಅಂತ ಒಂದೇ ಲಯದಲ್ಲಿ ಬಡಿದುಕೊಳ್ಳಲು ಶುರು ಮಾಡಿದರೆ ಆಫ್ ಮಾಡಿಬಿಡು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

---

ಕಾರಟಗಿ ಕಿರಾಣಿ (ಆರು ದಿನದ ನಂತರ)

ಮಾವನ ಮಗನ 2 ಟಿಬಿ ಡ್ರೈವ್ ತಂದೆ. ಎರಡು ರಾತ್ರಿ ಹಿಡಿಯಿತು. ಹಗಲು ಅಂಗಡಿ ಕೆಲಸ, ರಾತ್ರಿ ಇದು. ಎರಡು ಸಲ ಕರೆಂಟ್ ಹೋಯಿತು, ಸರ್ ಹೇಳಿದ ಹಾಗೆ ನಿಂತಲ್ಲಿಂದಲೇ ಮುಂದುವರಿಯಿತು. ಕೊನೆಗೆ ಉಳಿದ ಕೆಟ್ಟ ಜಾಗ 9 ಕೆಬಿ ಮಾತ್ರ.

ಮೂರರಲ್ಲಿ ಎರಡು ಫೋಟೋ ಪೂರ್ತಿ ಬಂದವು. ಮೂರನೇದು ಅಕ್ಕಿಕಾಳು ಹಾಕುವ ಹೊತ್ತಿನದು. ಮೇಲಿನ ಅರ್ಧ ಸ್ಪಷ್ಟ ಇದೆ. ಬಾಸಿಂಗ, ಅಕ್ಕನ ಮುಖ, ಗಾಳಿಯಲ್ಲಿ ಅಕ್ಕಿಕಾಳು, ಎಲ್ಲಾ ಕಾಣುತ್ತದೆ. ಮಾವನ ಎದೆಯಿಂದ ಕೆಳಗೆ ಬರೀ ಬೂದು ಬಣ್ಣ.

---

ಬಳ್ಳಾರಿ ಬೆಂಚು

ಜೆಪೆಗ್ ಮೇಲಿಂದ ಕೆಳಕ್ಕೆ ಬಿಡಿಸಿಕೊಳ್ಳುತ್ತಾ ಹೋಗುತ್ತದೆ. ನಡುವೆ ಒಂದು ತುಣುಕು ಇಲ್ಲ ಅಂದರೆ ಅಲ್ಲಿಂದ ಕೆಳಗೆ ದಾರಿ ತಪ್ಪುತ್ತದೆ. ಫೋಟೋದವರ ಹತ್ತಿರ ಮೂಲ ಇದೆಯಾ ಕೇಳಿ ನೋಡು. ಬ್ಯಾಟರಿ ಹಾಕಿಸಿದೆಯಾ?

---

ಕಾರಟಗಿ ಕಿರಾಣಿ

ಇನ್ನೂ ಇಲ್ಲ ಸರ್. ಡುಪ್ಲಿಕೇಟ್ 1,600 ಅಂದರು, ಆರು ತಿಂಗಳ ಮೇಲೆ ಬರಲ್ಲ ಅಂತ ಅವರೇ ಹೇಳಿದರು. ಯುಪಿಎಸ್ ನೋಡುತ್ತಿದ್ದೇನೆ.

ಫೋಟೋದವರ ಸ್ಟುಡಿಯೋ ಈಗ ಮೊಬೈಲ್ ಅಂಗಡಿ ಆಗಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಅವಳು ಇಲ್ಲಿಗೆ ಬರಲ್ಲ ಅಂದುಕೊಂಡಿದ್ದೇನೆ.